ತಿಂಗಳು ತಿಂಗಳೂ ಅದೇ ತಪ್ಪು ಬಿಲ್

‘ಮುಂದಿನ ಬಿಲ್‌ನಲ್ಲಿ ಸರಿ ಹೋಗುತ್ತೆ ಸಾರ್.’ ಕಸ್ಟಮರ್ ಕೇರ್‌ನ ಈ ಭರವಸೆ ನಂಬಿ ಸುಮ್ಮನಾಗುವ ಅಂಗಡಿ, ಕಚೇರಿಗಳು ಬೇಕಾದಷ್ಟಿವೆ. ಮುಂದಿನ ಬಿಲ್ ಬರುತ್ತದೆ, ತಪ್ಪೂ ಜೊತೆಗೇ ಬರುತ್ತದೆ.

ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್ ಎಂದಿಟ್ಟುಕೊಳ್ಳೋಣ. ಅದರ ಇಂಟರ್ನೆಟ್ ಬಾಡಿಗೆ ತಿಂಗಳಿಗೆ 4,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. 600 ರೂಪಾಯಿಯ ಹೆಚ್ಚುವರಿ ಸೇವೆಯೊಂದನ್ನು ಪ್ರೆಸ್‌ನವರು 2025ರ ಮಾರ್ಚ್‌ನಲ್ಲೇ ರದ್ದು ಮಾಡಿಸಿದ್ದರು. ಆದರೂ ಏಪ್ರಿಲ್, ಮೇ, ಜೂನ್ ಬಿಲ್‌ಗಳಲ್ಲಿ ಅದು ಮತ್ತೆ ಮತ್ತೆ ಬಂತು. ತೆರಿಗೆ ಸೇರಿ ತಿಂಗಳಿಗೆ 708, ಒಟ್ಟು 2,124 ರೂಪಾಯಿ ಹೆಚ್ಚು.

ಫೋನ್ ಮಾಡಿದಾಗ ಸಿಬ್ಬಂದಿ ಆ ತಿಂಗಳ ಮೊತ್ತವನ್ನಷ್ಟೇ ಕಳೆಯಬಹುದು. ಆದರೆ ಖಾತೆಯಲ್ಲಿ ಆ ಶುಲ್ಕ ಚಾಲ್ತಿಯಲ್ಲೇ ಉಳಿದರೆ ಸಾಫ್ಟ್‌ವೇರ್ ಮುಂದಿನ ತಿಂಗಳೂ ಅದನ್ನು ಸೇರಿಸುತ್ತದೆ. ಹಾಗಾಗಿ ದೂರಿನಲ್ಲಿ ಎರಡು ಬೇಡಿಕೆ ಬೇರೆ ಬೇರೆಯಾಗಿರಬೇಕು: ಹಣ ವಾಪಸ್, ಮತ್ತು ಖಾತೆಯಿಂದ ಶುಲ್ಕ ತೆಗೆಯುವುದು.

ಪತ್ರದ ಮುಖ್ಯ ಭಾಗ ಹೀಗಿರಬಹುದು: ‘ಇನ್‌ವಾಯ್ಸ್ ಸಂಖ್ಯೆ 0417 (ಏಪ್ರಿಲ್), 0532 (ಮೇ), 0648 (ಜೂನ್): ಪ್ರತಿಯೊಂದರಲ್ಲೂ ರದ್ದಾದ ಸೇವೆಗೆ 600 ರೂ. ಮತ್ತು 108 ರೂ. ಜಿಎಸ್‌ಟಿ ಹೆಚ್ಚು ಹಾಕಲಾಗಿದೆ. ಜುಲೈ 22ರ ಸಂಜೆ 5ರೊಳಗೆ ಈ ಮೂರಕ್ಕೂ ಕ್ರೆಡಿಟ್ ನೋಟ್ ಕೊಟ್ಟು, ಶುಲ್ಕವನ್ನು ಖಾತೆಯಿಂದ ತೆಗೆದಿದ್ದನ್ನು ಲಿಖಿತವಾಗಿ ತಿಳಿಸಿ.’ ಜೊತೆಗೆ ರದ್ದತಿಯ ಇಮೇಲ್, ಹಿಂದಿನ ದೂರುಗಳ ಡಾಕೆಟ್ ಸಂಖ್ಯೆ, ತಪ್ಪು ಸಾಲಿಗೆ ಗುರುತು ಹಾಕಿದ ಬಿಲ್‌ಗಳ ಪ್ರತಿ ಇರಲಿ.

ಇನ್‌ವಾಯ್ಸ್ ಸಂಖ್ಯೆ ಏಕೆ? ತೆರಿಗೆ ಹೆಚ್ಚು ಹಾಕಿದ ಬಿಲ್ಲನ್ನು ಸರಿಪಡಿಸುವ ದಾರಿ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನ ಕ್ರೆಡಿಟ್ ನೋಟ್. ಅದು ಯಾವ ಬಿಲ್‌ಗೆ ಸಂಬಂಧಿಸಿದ್ದು ಎಂಬುದು ಸ್ಪಷ್ಟವಿರಬೇಕು. 2025-26ರ ಬಿಲ್‌ಗಳಾದರೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಕೆಯಾಗದಿದ್ದಲ್ಲಿ, 2026ರ ನವೆಂಬರ್ 30ರವರೆಗೆ ಮಾತ್ರ ಕಂಪನಿ ಹೀಗೆ ತೆರಿಗೆ ಇಳಿಸಿಕೊಳ್ಳಬಹುದು. ಇತ್ತ ಪ್ರೆಸ್ ಆ 108 ರೂಪಾಯಿಗೆ ಇನ್‌ಪುಟ್ ಕ್ರೆಡಿಟ್ ಪಡೆದಿದ್ದರೆ, ನೋಟ್ ಬಂದ ಮೇಲೆ ಅದನ್ನು ವಾಪಸ್ ತೋರಿಸಬೇಕು.

ಸಿಟ್ಟಿನಲ್ಲಿ ಇಡೀ ಬಿಲ್ ತಡೆಹಿಡಿದರೆ ಸಂಪರ್ಕವೇ ಕಡಿತವಾದೀತು. ತಕರಾರಿಲ್ಲದ 4,720 ರೂಪಾಯಿಯನ್ನು ವಾಯಿದೆಯೊಳಗೆ ಕಟ್ಟಿ, ಹಾಗೆ ಕಟ್ಟಿದ್ದನ್ನು ಪತ್ರದಲ್ಲೇ ನಮೂದಿಸುವುದು ಜಾಣತನ.

ಗಡುವು ಮೀರಿದರೆ ಟೆಲಿಕಾಂ ಕಂಪನಿಗಳಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು; ಅಲ್ಲಿಗೆ ಮೊದಲ ದೂರಿನ ಡಾಕೆಟ್ ಸಂಖ್ಯೆ ಬೇಕು. ಗ್ರಾಹಕ ನ್ಯಾಯಾಲಯದ ಬಾಗಿಲು ಮಾತ್ರ ಎಲ್ಲ ಉದ್ಯಮಗಳಿಗೂ ತೆರೆದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಹೊರಗಿಟ್ಟಿದೆ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ನಡೆಸುವವರಿಗೆ ವಿನಾಯಿತಿ ಸಿಗಬಹುದು. ಉಳಿದವರು ಸಿವಿಲ್ ಕೋರ್ಟಿಗೇ ಹೋಗಬೇಕಾಗಬಹುದು, ಅಲ್ಲಿ ಮೊದಲು ಕೇಳುವುದು ಇದೇ ಪತ್ರ ಮತ್ತು ಅದು ತಲುಪಿದ ಸ್ವೀಕೃತಿಯನ್ನು.