ಹಳೆಯ ಸಾಲದ ಏಕಕಾಲಿಕ ತೀರುವಳಿ ಪತ್ರ: ಸಹಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ ಕೈಕೊಟ್ಟ ವರ್ಷಗಳ ಬೆಳೆಸಾಲ ಬಾಕಿ ಉಳಿದಿದ್ದಲ್ಲಿ, ಅದರ ಋಣಭಾರವು ಪಹಣಿಯ 11ನೇ ಕಲಂನಲ್ಲಿ ಮುಂದುವರಿಯುತ್ತದೆ. ಇಂತಹ ಸಾಲಕ್ಕೆ ಬ್ಯಾಂಕು ರಿಯಾಯಿತಿ ನೀಡಿ ಕಳುಹಿಸುವ ಪತ್ರವೇ ಏಕಕಾಲಿಕ ತೀರುವಳಿ (ಓ.ಟಿ.ಎಸ್.) ಪತ್ರ. ಈ ಪತ್ರವನ್ನು ಓದಿಸಿಕೊಳ್ಳಲು ರೈತರು ಬಂದಾಗ ಸದಸ್ಯರು ಮೊತ್ತದ ಜೊತೆಗೆ ಷರತ್ತುಗಳನ್ನೂ ವಿವರಿಸತಕ್ಕದ್ದು.

ಮೊದಲನೆಯದು ಗಡುವು. ಉದಾಹರಣೆಗೆ, ಒಬ್ಬ ರೈತರ ಒಟ್ಟು ಬಾಕಿ ರೂ. 1,46,000 ಇದ್ದು, ರೂ. 60,000ಕ್ಕೆ ತೀರುವಳಿ ಒಪ್ಪಿಗೆಯಾಗಿದೆ ಎಂದು ಭಾವಿಸೋಣ. ಮುಂಗಡ ರೂ. 6,000 ಸಂದಾಯವಾಗಿದ್ದು, ಉಳಿದ ರೂ. 54,000ವನ್ನು ಮಾರ್ಚ್ 31ರೊಳಗೆ ಕಟ್ಟಬೇಕಿದೆ. ರೈತರು ಆ ದಿನದೊಳಗೆ ರೂ. 50,000 ಕಟ್ಟಿ, ಕೊನೆಯ ರೂ. 4,000ವನ್ನು ಒಂದು ವಾರ ತಡವಾಗಿ ತರುತ್ತಾರೆ. ‘ಗಡುವು ಮೀರಿದಲ್ಲಿ ರಿಯಾಯಿತಿ ರದ್ದಾಗುವುದು’ ಎಂಬ ಷರತ್ತು ಪತ್ರದಲ್ಲಿದ್ದರೆ, ಕಟ್ಟಿದ ರೂ. 56,000 ಕಳೆದು ರೂ. 90,000 ಹಾಗೂ ಮುಂದಿನ ಬಡ್ಡಿಯ ಹೊರೆ ರೈತರ ಮೇಲೆ ಮರಳಿ ಬೀಳುವುದು. ಏಕಕಾಲಿಕ ತೀರುವಳಿಯನ್ನು ಸಾಲಗಾರನು ಹಕ್ಕಾಗಿ ಕೇಳಲಾಗದೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಅದರ ಗಡುವನ್ನು ಹೈಕೋರ್ಟ್ ತಾನಾಗಿ ವಿಸ್ತರಿಸಲಾಗದೆಂದು 2022ರ ನವೆಂಬರ್‌ನಲ್ಲಿ ತಿಳಿಸಿದೆ. ಆದ್ದರಿಂದ ಹಣ ಹೊಂದದಿದ್ದಲ್ಲಿ ಗಡುವಿಗೆ ಮೊದಲೇ ಲಿಖಿತ ಅರ್ಜಿ ಸಲ್ಲಿಸಿ, ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಬಾಯಿಮಾತಿನ ಭರವಸೆ ಸಾಲದು.

ಎರಡನೆಯದು ಪತ್ರದ ಪದಗಳು. ‘ರೂ. 60,000ವನ್ನು ಸಾಲದ ಖಾತೆಗೆ ಜಮಾ ಮಾಡಿಕೊಳ್ಳಲಾಗುವುದು’ ಎಂದಷ್ಟೇ ಇದ್ದರೆ ಅದು ಭಾಗಶಃ ಪಾವತಿಯಷ್ಟೇ ಆಗಬಹುದು. ಪತ್ರದಲ್ಲಿ ಸಾಲದ ಖಾತೆ ಸಂಖ್ಯೆ ಸಹಿತ ಹೀಗಿರಬೇಕು: ‘ಸದರಿ ಮೊತ್ತವನ್ನು ನಿಗದಿತ ದಿನಾಂಕದೊಳಗೆ ಪಾವತಿಸಿದಲ್ಲಿ, ಈ ಖಾತೆಯ ಅಸಲು, ಬಡ್ಡಿ ಹಾಗೂ ಇತರೆ ವೆಚ್ಚಗಳ ಪೂರ್ಣ ಮತ್ತು ಅಂತಿಮ ತೀರುವಳಿ ಎಂದು ಪರಿಗಣಿಸಲಾಗುವುದು, ಸಾಲಗಾರರು ಹಾಗೂ ಜಾಮೀನುದಾರರಿಂದ ಬೇರಾವ ಬಾಕಿಯನ್ನೂ ಕೇಳಲಾಗುವುದಿಲ್ಲ.’ ಜಾಮೀನುದಾರರ ಉಲ್ಲೇಖ ಬಿಟ್ಟುಹೋದರೆ ಮುಂದೆ ಅವರಿಗೆ ನೋಟೀಸು ಬರುವ ಸಂಭವವಿದೆ. ನ್ಯಾಯಾಲಯದಲ್ಲಿ ದಾವೆ ಇದ್ದರೆ, ಅದನ್ನು ಹಿಂಪಡೆಯುವ ಮಾತೂ ಪತ್ರದಲ್ಲಿರಬೇಕು. ಒಬ್ಬರ ಹೆಸರಿನಲ್ಲಿ ಎರಡು ಖಾತೆಗಳಿದ್ದಲ್ಲಿ, ಪತ್ರದಲ್ಲಿ ನಮೂದಿಸಿದ ಖಾತೆ ಮಾತ್ರ ತೀರುವುದು.

ಹಣವನ್ನು ಶಾಖೆಯಲ್ಲಿಯೇ ಕಟ್ಟಿ, ಅದೇ ಖಾತೆ ಸಂಖ್ಯೆಯುಳ್ಳ ರಸೀದಿ ಪಡೆಯಬೇಕು. ಮಧ್ಯವರ್ತಿಗಳ ಕೈಗೆ ಕೊಡಬಾರದು. ನಂತರ ಬೇಬಾಕಿ ಪ್ರಮಾಣಪತ್ರವನ್ನೂ ಋಣಭಾರ ಬಿಡುಗಡೆ ಪತ್ರವನ್ನೂ ಕೇಳಿ ಪಡೆದು, ಹೊಸ ಪಹಣಿ ತೆಗೆಸಿ 11ನೇ ಕಲಂ ನೋಡಬೇಕು. ಅಲ್ಲಿ ಬ್ಯಾಂಕಿನ ನಮೂದು ಉಳಿದಿದ್ದರೆ, ಕಾಗದದ ಮೇಲೆ ತೀರಿದ ಸಾಲ ಜಮೀನಿನ ಮೇಲೆ ಇನ್ನೂ ಉಳಿದಿದೆ ಎಂದೇ ಅರ್ಥ.

ಕೊನೆಯದಾಗಿ, ರಿಯಾಯಿತಿಯಲ್ಲಿ ತೀರಿದ ಸಾಲವು ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಎಂಬುದರ ಬದಲು ‘ಸೆಟಲ್ಡ್’ ಎಂದು ದಾಖಲಾಗಬಹುದು. ಇದು ಹೊಸ ಸಾಲಕ್ಕೆ ತೊಡಕಾಗುತ್ತದೆ. ಮುಂದಿನ ಹಂಗಾಮಿಗೆ ಬೆಳೆಸಾಲ ಬೇಕಿರುವ ರೈತರು ಇದನ್ನು ಸಹಿಗೆ ಮುನ್ನವೇ ಶಾಖೆಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.