ಆರು ಸೆಕೆಂಡಿನ ಶಾಟಿಗೆ ಎಷ್ಟು ಮಾತು?

ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ತೆಗೆದ ‘ಪವರ್ಸ್ ಆಫ್ ಟೆನ್’ ಸುಮಾರು ಒಂಬತ್ತು ನಿಮಿಷದ ಚಿತ್ರ. ಷಿಕಾಗೋದ ಒಂದು ಪಿಕ್ನಿಕ್‌ನಿಂದ ಮೇಲೇರುತ್ತ ಹೋಗುವ ನೋಟ ಪ್ರತಿ 10 ಸೆಕೆಂಡಿಗೆ ಹತ್ತು ಪಟ್ಟು ಅಗಲವಾಗುತ್ತದೆ. ನಿರೂಪಿಸಿದ ಭೌತವಿಜ್ಞಾನಿ ಫಿಲಿಪ್ ಮಾರಿಸನ್ ಒಂದೊಂದು ಹಂತದ ಬಗ್ಗೆ ಹೇಳಬೇಕಾದದ್ದನ್ನು ಆ ಹತ್ತು ಸೆಕೆಂಡಿನಲ್ಲೇ ಮುಗಿಸಬೇಕಿತ್ತು.

ಈಗಿನ ವಿವರಣಾ ವಿಡಿಯೊಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 150 ಪದ ಎಂಬ ಲೆಕ್ಕವಿದೆ. ಕನ್ನಡಕ್ಕೆ ಅದು ಒಗ್ಗದು. ವಿಭಕ್ತಿ, ಬಹುವಚನಗಳೆಲ್ಲ ಅಂಟಿಕೊಂಡು ಒಂದೊಂದು ಪದವೂ ಉದ್ದವಾಗುತ್ತದೆ. ಹಾಗಾಗಿ ಅಕ್ಷರ ಎಣಿಸುವುದೇ ಲೇಸು. ನಿಧಾನವಾದ, ಸ್ಪಷ್ಟವಾದ ಓದಿಗೆ ಸೆಕೆಂಡಿಗೆ ಆರು ಅಕ್ಷರ ಎಂದು ಹಿಡಿಯಬಹುದು. ಓದುಗರಿಂದ ಓದುಗರಿಗೆ ತುಸು ವ್ಯತ್ಯಾಸವಾದೀತು.

ಮಳೆನೀರು ಸಂಗ್ರಹದ ವಿಡಿಯೊವೊಂದನ್ನು ತೆಗೆದುಕೊಳ್ಳೋಣ. ಶಾಟ್ ಆರು ಸೆಕೆಂಡ್. ಚಾವಣಿಯಿಂದ ಪೈಪಿನಲ್ಲಿ ಕೆಸರು ನೀರು ಇಳಿಯುತ್ತದೆ, ಎರಡನೇ ಸೆಕೆಂಡಿಗೆ ಕೈಯೊಂದು ವಾಲ್ವ್ ತಿರುಗಿಸುತ್ತದೆ, ನೀರು ಹೊರಗೆ ಚೆಲ್ಲುತ್ತದೆ. ಬರೆದ ಸಾಲು ಹೀಗಿದೆ: “ಮಳೆ ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ಚಾವಣಿಯ ಮೇಲಿನ ಧೂಳು, ಎಲೆ, ಹಕ್ಕಿಯ ಹಿಕ್ಕೆಗಳನ್ನೆಲ್ಲ ಹೊತ್ತು ತರುವ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಬೇಕು.”

ಹದಿನೆಂಟೇ ಪದ. ಇಂಗ್ಲಿಷ್ ಲೆಕ್ಕದಲ್ಲಿ ಏಳು ಸೆಕೆಂಡ್. ಸ್ವಲ್ಪ ಬೇಗ ಓದಿದರೆ ಹಿಡಿದೀತು ಅನ್ನಿಸುತ್ತದೆ. ಅಕ್ಷರ ಎಣಿಸಿದರೆ 60, ಅಂದರೆ ಹತ್ತು ಸೆಕೆಂಡ್! ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. “ಹೊರಗೆ ಹರಿಸಬೇಕು” ಎಂಬ ಮುಖ್ಯ ಮಾತು ಕಿವಿಗೆ ಬೀಳುವಾಗ ಪರದೆಯ ಮೇಲೆ ಜಲ್ಲಿ-ಮರಳಿನ ಫಿಲ್ಟರ್ ಬಂದಾಗಿರುತ್ತದೆ. ಫಿಲ್ಟರಿನ ನೀರನ್ನೇ ಚೆಲ್ಲಬೇಕೇನೋ ಎಂದು ನೋಡುವವರು ತಿಳಿದರೆ ತಪ್ಪು ಅವರದಲ್ಲ.

ತಿದ್ದಿದ ಸಾಲು: “ಮೊದಲ ಮಳೆ ನೀರು ಹೊರಗೆ ಹೋಗಲಿ. ಅದರಲ್ಲಿ ಚಾವಣಿಯ ಕೊಳೆ ಇರುತ್ತದೆ.” ಇಲ್ಲಿರುವುದು 27 ಅಕ್ಷರ, ನಾಲ್ಕೂವರೆ ಸೆಕೆಂಡ್. ಉಳಿದ ಒಂದೂವರೆ ಸೆಕೆಂಡ್ ಉಸಿರಿಗೆ, ನೀರಿನ ಸದ್ದಿಗೆ. “ಹೊರಗೆ ಹೋಗಲಿ” ಎನ್ನುವ ಹೊತ್ತಿಗೇ ವಾಲ್ವ್ ತಿರುಗುತ್ತದೆ. ಧೂಳು, ಎಲೆಗಳು ಕಣ್ಣಿಗೇ ಕಾಣುವಾಗ ಬಾಯಲ್ಲಿ ಹೇಳುವ ಅಗತ್ಯವಿಲ್ಲ.

ಅಂಕಿಗಳು ಮಾತ್ರ ಮೋಸ ಮಾಡುತ್ತವೆ. ಕಾಗದದ ಮೇಲೆ ನಾಲ್ಕೇ ಅಂಕಿಯ 2009 ಬಾಯಲ್ಲಿ ‘ಎರಡು ಸಾವಿರದ ಒಂಬತ್ತು’ ಆಗಿ ಹತ್ತು ಅಕ್ಷರ ನುಂಗುತ್ತದೆ. ಎಣಿಸುವ ಮುನ್ನ ಅಂಕಿಗಳನ್ನು ಅಕ್ಷರದಲ್ಲೇ ಬರೆದುಕೊಳ್ಳಬೇಕು.

ಕಡಿಮೆ ಮಾಡಲಾಗದ ಸಾಲೂ ಇರುತ್ತದೆ. ಆಗ ದನಿಯ ವೇಗ ಹೆಚ್ಚಿಸುವ ಬದಲು ಶಾಟ್ ಹಿಗ್ಗಿಸುವುದೇ ಸರಿ: ಕೊನೆಯ ಫ್ರೇಮನ್ನು ಎರಡು ಸೆಕೆಂಡ್ ನಿಲ್ಲಿಸಿದರೂ ಸಾಕು, ನಕ್ಷೆ ಅಥವಾ ಚಿತ್ರಪಟವಾದರೆ ಅದು ಗೊತ್ತೂ ಆಗದು. ಇದನ್ನೆಲ್ಲ ಸ್ಟುಡಿಯೊಗೆ ಹೋಗುವ ಮೊದಲೇ ತೀರ್ಮಾನಿಸಿಕೊಳ್ಳಿ. ಮೊಬೈಲಿನಲ್ಲಿ ಒರಟಾಗಿ ಒಮ್ಮೆ ಓದಿ ರೆಕಾರ್ಡ್ ಮಾಡಿ, ಆ ದನಿಯನ್ನು ಚಿತ್ರದ ಕೆಳಗಿಟ್ಟು ನೋಡಿ. ಯಾವ ಸಾಲು ಮುಂದಿನ ಶಾಟಿಗೆ ನುಗ್ಗುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ.