ಹತ್ತು ವರ್ಷದ ಫೋಟೋ, ಒಂದೇ ದಿನದ ತಾರೀಖು

2021ರ ಜೂನ್ 1ರಂದು ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ನಿಂತುಹೋಯಿತು. ಅಂದಿನಿಂದ ಹಾಕಿದ ಚಿತ್ರಗಳು ಜಿಮೇಲ್ ಮತ್ತು ಡ್ರೈವ್ ಜತೆ 15 ಜಿಬಿಯೊಳಗೇ ಹೊಂದಿಕೊಳ್ಳಬೇಕು. ಜಾಗ ತುಂಬಿತೆಂದೋ, ಮನೆಯವರೆಲ್ಲ ಐಫೋನ್‌ಗೆ ಬದಲಾದರೆಂದೋ ಇಡೀ ಸಂಗ್ರಹವನ್ನು ಬೇರೆ ಕ್ಲೌಡ್‌ಗೆ ಸಾಗಿಸಲು ಹೊರಟವರಿಗೆ ಎರಡು ಆಘಾತ ಕಾದಿರುತ್ತವೆ. ಕೆಲವು ಚಿತ್ರಗಳು ಎರಡೆರಡು ಪ್ರತಿಯಾಗಿ ಬರುತ್ತವೆ, ಇನ್ನು ಕೆಲವು ಸಾಗಿಸಿದ ದಿನವೇ ತೆಗೆದವೆಂಬಂತೆ ಒಂದೇ ತಾರೀಖಿನಡಿ ರಾಶಿ ಬೀಳುತ್ತವೆ.

ಮೊದಲು ಸುಲಭದ ದಾರಿ. ಗೂಗಲ್‌ನ ಟೇಕ್‌ಔಟ್ ಸೇವೆಯಲ್ಲಿ 2024ರಿಂದ ಚಿತ್ರಗಳನ್ನು ನೇರವಾಗಿ ಐಕ್ಲೌಡ್‌ಗೆ ಕಳಿಸಬಹುದು. ಐಕ್ಲೌಡ್‌ನಿಂದ ಗೂಗಲ್‌ಗೆ ಕಳಿಸುವ ಸೌಲಭ್ಯವನ್ನು ಆಪಲ್ 2021ರಲ್ಲೇ ಕೊಟ್ಟಿತ್ತು. ಕೆಲವು ದಿನ ಹಿಡಿಯುತ್ತದೆ, ಮೂಲ ಪ್ರತಿ ಹಳೆಯ ಕಡೆಯೇ ಉಳಿಯುತ್ತದೆ. ಹೊಸ ಖಾತೆ ಖಾಲಿಯಿದ್ದರೆ ಇದನ್ನೇ ಮೊದಲು ನೋಡಿ. ಆದರೆ ಐಫೋನ್‌ನಲ್ಲಿ ಐಕ್ಲೌಡ್ ಮತ್ತು ಗೂಗಲ್ ಎರಡೂ ಕಡೆ ಬ್ಯಾಕಪ್ ಆಗುತ್ತಿತ್ತೆಂದರೆ ನೇರ ವರ್ಗಾವಣೆ ಅಪಾಯದ್ದು, ಏಕೆಂದರೆ ಆಗಲೇ ಇರುವ ಚಿತ್ರಗಳೇ ಮತ್ತೊಮ್ಮೆ ಬರುತ್ತವೆ. ಗೂಗಲ್‌ನಲ್ಲಿ ಜಾಗ ಉಳಿಸುವ ಗುಣಮಟ್ಟ ಆರಿಸಿಕೊಂಡಿದ್ದರಂತೂ ಅಲ್ಲಿನ ಪ್ರತಿ ಕುಗ್ಗಿಸಿದ್ದು, ಐಕ್ಲೌಡ್‌ನದ್ದು ಮೂಲ. ಕಣ್ಣಿಗೆ ಒಂದೇ ಚಿತ್ರ, ಕಂಪ್ಯೂಟರ್‌ಗೆ ಎರಡು ಬೇರೆ ಫೈಲ್.

ಇಂಥ ಗೋಜಲಿದ್ದರೆ ಟೇಕ್‌ಔಟ್‌ನಿಂದ ಜಿಪ್ ಫೈಲ್‌ಗಳನ್ನು ಇಳಿಸಿಕೊಂಡು ಕಂಪ್ಯೂಟರ್‌ನಲ್ಲೇ ಚೊಕ್ಕಮಾಡಿ ಕಳಿಸುವುದು ಮೇಲು. ಒಂದೊಂದು ಜಿಪ್ 50 ಜಿಬಿವರೆಗೂ ಇರಬಹುದು. ಎಲ್ಲವನ್ನೂ ಇಳಿಸಿ, ಒಂದೇ ಫೋಲ್ಡರ್‌ನೊಳಗೆ ಬಿಚ್ಚಬೇಕು. ಚಿತ್ರ ಒಂದು ಜಿಪ್‌ನಲ್ಲಿ, ಅದರ ಮಾಹಿತಿಯ ಫೈಲ್ ಇನ್ನೊಂದರಲ್ಲಿ ಕೂತಿರುವುದುಂಟು, ಹಾಗಾಗಿ ಒಂದೊಂದೇ ಜಿಪ್ ಬಿಚ್ಚಿ ಕಳಿಸುತ್ತ ಹೋದರೆ ಜೋಡಿ ತಪ್ಪುತ್ತದೆ.

ಬಿಚ್ಚಿದಾಗ `Photos from 2019` ಎಂಬಂಥ ವರ್ಷವಾರು ಫೋಲ್ಡರ್‌ಗಳು ಕಾಣುತ್ತವೆ. ಅವುಗಳ ಪಕ್ಕದಲ್ಲೇ ನೀವು ಮಾಡಿದ ಆಲ್ಬಮ್‌ಗಳ ಹೆಸರಿನವು. ಗೃಹಪ್ರವೇಶದ ಆಲ್ಬಮ್‌ನಲ್ಲಿದ್ದ ಚಿತ್ರ ವರ್ಷದ ಫೋಲ್ಡರ್‌ನಲ್ಲೂ ಇರುತ್ತದೆ, ಆಲ್ಬಮ್ ಫೋಲ್ಡರ್‌ನಲ್ಲೂ ಇರುತ್ತದೆ. ಎರಡು ಪ್ರತಿಯ ಮೊದಲ ಮೂಲ ಇದು. ಹಾಗೆಂದು ಆಲ್ಬಮ್ ಫೋಲ್ಡರ್‌ಗಳನ್ನು ಇಡಿಯಾಗಿ ಅಳಿಸಬೇಡಿ. ಬೇರೆಯವರು ಹಂಚಿದ ಆಲ್ಬಮ್‌ಗೆ ಅವರು ಹಾಕಿದ ಚಿತ್ರಗಳು ಅಲ್ಲಿ ಮಾತ್ರ ಇರಬಹುದು.

ಪ್ರತಿ ಚಿತ್ರದ ಜತೆ ಒಂದು `.json` ಫೈಲ್ ಕೂಡ ಬಂದಿರುತ್ತದೆ. ಬೇಡದ ಕಸವೆಂದು ಹಲವರು ಅಳಿಸುವುದು ಇದನ್ನೇ, ಎಷ್ಟೋ ಚಿತ್ರಗಳ ತಾರೀಖು ಉಳಿದಿರುವುದೂ ಇದರಲ್ಲೇ. ಕ್ಯಾಮೆರಾ ತೆಗೆದ ಚಿತ್ರದ ತಾರೀಖು ಎಕ್ಸಿಫ್ ಎಂಬ ಮಾಹಿತಿಯಾಗಿ ಫೈಲ್‌ನೊಳಗೇ ಬರೆದಿರುತ್ತದೆ, ಅದು ಎಲ್ಲಿಗೆ ಹೋದರೂ ಜತೆಗೆ ಹೋಗುತ್ತದೆ. ವಾಟ್ಸ್ಯಾಪ್‌ನಲ್ಲಿ ಚಿತ್ರವಾಗಿ ಬಂದದ್ದಕ್ಕೆ ಆ ಭಾಗ್ಯವಿಲ್ಲ. ಕಳಿಸುವಾಗಲೇ ಎಕ್ಸಿಫ್ ಅಳಿಸಿಹೋಗಿರುತ್ತದೆ, ಉಳಿಯುವುದು `IMG-20200101-WA0007.jpg` ಎಂಬ ಹೆಸರು. ಆ ಹೆಸರಿನ ತಾರೀಖೂ ಚಿತ್ರ ನಿಮಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಇನ್ನು ಅಜ್ಜಿಯ ಹಳೆಯ ಫೋಟೋ ಸ್ಕ್ಯಾನ್ ಮಾಡಿ, ಗೂಗಲ್‌ನಲ್ಲಿ ಕೂತು 1987 ಎಂದು ತಿದ್ದಿರುತ್ತೀರಿ. ಆ ತಿದ್ದುಪಡಿ ಫೈಲ್‌ನೊಳಗೆ ಹೋಗುವುದಿಲ್ಲ, `.json`ನಲ್ಲಿ ಮಾತ್ರ ಇರುತ್ತದೆ. ಹೊಸ ಕ್ಲೌಡ್ ಅದನ್ನು ಓದುವುದಿಲ್ಲ. ಎಕ್ಸಿಫ್ ಸಿಗದಿದ್ದಾಗ ಫೈಲ್‌ನ ತಾರೀಖನ್ನೇ ಹಿಡಿಯುತ್ತದೆ, ಅದು ಟೇಕ್‌ಔಟ್ ಮಾಡಿದ ದಿನದ್ದೋ ಜಿಪ್ ಬಿಚ್ಚಿದ ದಿನದ್ದೋ ಆಗಿರುತ್ತದೆ. ರಾಶಿ ಬೀಳುವುದು ಹೀಗೆ.

ಹಾಗಾದರೆ `.json`ನ ತಾರೀಖನ್ನು ಫೈಲ್‌ನೊಳಗೆ ಬರೆದರಾಯಿತು. ಆದರೆ ಅದಕ್ಕೆ ಮೊದಲು ನಕಲುಗಳನ್ನು ತೆಗೆಯಬೇಕು, ಈ ಕ್ರಮ ಮುಖ್ಯ. ನಕಲು ಹುಡುಕುವ ತಂತ್ರಾಂಶ ಫೈಲ್‌ನ ಪ್ರತಿ ಬೈಟನ್ನೂ ಲೆಕ್ಕಕ್ಕೆ ಹಿಡಿದು ಹ್ಯಾಶ್ ಎಂಬ ಗುರುತು ತಯಾರಿಸುತ್ತದೆ. ಒಂದು ಬೈಟ್ ಬದಲಾದರೂ ಗುರುತು ಬೇರೆ. ಒಂದು ಪ್ರತಿಗೆ ತಾರೀಖು ಬರೆದು, ಇನ್ನೊಂದರ `.json` ಸಿಗದೆ ಹಾಗೇ ಬಿಟ್ಟರೆ, ನಿನ್ನೆಯವರೆಗೆ ಅವಳಿಗಳಾಗಿದ್ದವು ಇಂದು ಅಪರಿಚಿತರು. ಮೊದಲು ಯಾವ ಆಲ್ಬಮ್‌ನಲ್ಲಿ ಯಾವ ಚಿತ್ರವಿತ್ತೆಂದು ಫೈಲ್ ಹೆಸರುಗಳ ಪಟ್ಟಿ ಉಳಿಸಿಕೊಳ್ಳಿ. ಆಮೇಲೆ ಉಚಿತವಾಗಿ ಸಿಗುವ ಚ್ಕಾವ್ಕಾ (Czkawka) ಥರದ ತಂತ್ರಾಂಶದಲ್ಲಿ ವರ್ಷದ ಫೋಲ್ಡರ್‌ಗಳನ್ನು ಮುಟ್ಟಬಾರದ ಆಧಾರವೆಂದು ಗುರುತಿಸಿ, ಹ್ಯಾಶ್ ಹೊಂದುವ ಆಲ್ಬಮ್ ಪ್ರತಿಗಳನ್ನಷ್ಟೇ ಅಳಿಸಿ. ಹೆಸರಿನಲ್ಲಿ `-edited` ಇರುವವು ಉಳಿಯುತ್ತವೆ. ಅವು ನಕಲಲ್ಲ, ನೀವು ತಿದ್ದಿದ ರೂಪ. ಅವಕ್ಕೆ ಪ್ರತ್ಯೇಕ `.json` ಇರುವುದಿಲ್ಲ, ಮೂಲದ ತಾರೀಖನ್ನೇ ಕೊಡಬೇಕು.

ಇನ್ನು ತಾರೀಖು. ಆ ವಾಟ್ಸ್ಯಾಪ್ ಚಿತ್ರವನ್ನೇ ತೆಗೆದುಕೊಳ್ಳಿ. ಹೊಸ ವರ್ಷದ ರಾತ್ರಿ ಹನ್ನೆರಡೂವರೆಗೆ ಬಂದದ್ದು. ಅದರ `.json`ನಲ್ಲಿ ಹೀಗಿರುತ್ತದೆ:

```
"photoTakenTime": {
  "timestamp": "1577818800",
  "formatted": "Dec 31, 2019, 7:00:00 PM UTC"
}
```

ಇಲ್ಲಿ ತಪ್ಪಿಲ್ಲ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು, ಗ್ರೀನಿಚ್ ಲೆಕ್ಕದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಆದರೆ ಎಕ್ಸಿಫ್‌ನ ತಾರೀಖಿಗೆ ಸಾಮಾನ್ಯವಾಗಿ ಯಾವ ದೇಶದ ಸಮಯವೆಂಬ ಗುರುತಿರುವುದಿಲ್ಲ, ಗೋಡೆ ಗಡಿಯಾರದ ಸಮಯವಷ್ಟೇ. `formatted` ಸಾಲನ್ನು ಹಾಗೇ ನಕಲಿಸಿದರೆ 2020ರ ಚಿತ್ರ ಹಿಂದಿನ ವರ್ಷಕ್ಕೆ ಹೋಗುತ್ತದೆ. ಬೆಳಗಿನ ಜಾವದ ಮುಹೂರ್ತಗಳ ಮದುವೆ ಚಿತ್ರಗಳೆಲ್ಲ ಹಿಂದಿನ ದಿನಕ್ಕೆ ಸರಿದಿದ್ದರೆ ಕಾರಣ ಇದೇ.

ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಈ ಸೆಕೆಂಡುಗಳನ್ನು ಕಂಪ್ಯೂಟರ್‌ನ ಸ್ಥಳೀಯ ಸಮಯಕ್ಕೆ ತಿರುಗಿಸಿ ಬರೆಯುತ್ತದೆ. ಕಂಪ್ಯೂಟರ್‌ನ ಸಮಯ ವಲಯ ಭಾರತದ್ದೇ ಇದೆಯೆಂದು ನೋಡಿಕೊಳ್ಳಿ. ವಿದೇಶದಲ್ಲಿ ತೆಗೆದ ಚಿತ್ರಗಳಿದ್ದರೆ ಅವನ್ನು ಬೇರೆ ಫೋಲ್ಡರ್‌ಗೆ ಹಾಕಿ, ವಲಯ ಬದಲಿಸಿ ನಡೆಸಬೇಕು.

```
exiftool -r -d %s -if "not $DateTimeOriginal" -tagsfromfile "%d/%F.supplemental-metadata.json" "-DateTimeOriginal<PhotoTakenTimeTimestamp" -ext jpg -overwrite_original Takeout
```

ಇದು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ `-if` ನಂತರದ ಷರತ್ತಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು. ಷರತ್ತಿನ ಅರ್ಥ, ಒಳಗೆ ತಾರೀಖಿಲ್ಲದ ಚಿತ್ರಗಳಿಗೆ ಮಾತ್ರ ಬರೆ ಎಂದು. ಕ್ಯಾಮೆರಾ ಬರೆದ ತಾರೀಖನ್ನು ಕೆದಕುವುದು ಬೇಡ. ಆದರೆ ಸ್ಕ್ಯಾನರ್ ತನ್ನ ತಾರೀಖು ಬರೆದಿದ್ದರೆ ಅಜ್ಜಿಯ ಫೋಟೋ ಈ ಷರತ್ತಿನಿಂದ ಹೊರಗುಳಿಯುತ್ತದೆ. ಸ್ಕ್ಯಾನ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ, ಷರತ್ತು ತೆಗೆದು ಮತ್ತೊಮ್ಮೆ ನಡೆಸಿ. 1970ಕ್ಕೂ ಹಿಂದಿನವಾದರೆ ಸೆಕೆಂಡುಗಳು ಋಣಸಂಖ್ಯೆಯಲ್ಲಿರುತ್ತವೆ, ಅವುಗಳ ಫಲಿತಾಂಶವನ್ನು ಕಣ್ಣಾರೆ ನೋಡಿಯೇ ನಂಬಬೇಕು.

ಹಳೆಯ ಟೇಕ್‌ಔಟ್‌ಗಳಲ್ಲಿ ಹೆಸರಿನ ಕೊನೆ ಬರೀ `.json` ಇರುತ್ತದೆ. ಹೊಸದರಲ್ಲೂ ಚಿತ್ರದ ಹೆಸರು ಉದ್ದವಾದರೆ ಗೂಗಲ್ ಆ ಬಾಲವನ್ನು ನಡುವೆಯೇ ಕತ್ತರಿಸುತ್ತದೆ. ಜೋಡಿ ಸಿಗದ ಚಿತ್ರಗಳ ಬಗ್ಗೆ ಎಕ್ಸಿಫ್‌ಟೂಲ್ ಪರದೆಯ ಮೇಲೆ ಎಚ್ಚರಿಸುತ್ತದೆ. ಆ ಸಾಲುಗಳನ್ನು ಉಳಿಸಿಕೊಂಡರೆ ಕೈಯಿಂದ ಸರಿಪಡಿಸಬೇಕಾದವುಗಳ ಪಟ್ಟಿ ತಾನಾಗಿ ಸಿಗುತ್ತದೆ.

ಕಳಿಸುವಾಗ ಒಂದು ವರ್ಷದ ಫೋಲ್ಡರನ್ನು ಮಾತ್ರ ಮೊದಲು ಕಳಿಸಿ, ವಾಟ್ಸ್ಯಾಪ್ ಚಿತ್ರಗಳು ಹೆಚ್ಚಿರುವ ವರ್ಷವಾದರೆ ಒಳ್ಳೆಯದು. ಹೊಸ ಕ್ಲೌಡ್‌ನಲ್ಲಿ ಇಂದಿನ ತಾರೀಖನ್ನು ತೆರೆದು ನೋಡಿ. ಅಲ್ಲಿ ಇಂದು ತೆಗೆಯದ ಚಿತ್ರವಿದ್ದರೆ ಅದು ತಾರೀಖು ತಪ್ಪಿಸಿಕೊಂಡದ್ದು. ಆಮೇಲೆ ವರ್ಷವಾರು ಎಣಿಕೆಯನ್ನು ಕಂಪ್ಯೂಟರ್‌ನ ಎಣಿಕೆಗೆ ಹೋಲಿಸಿ. ಐಫೋನ್‌ನ ಲೈವ್ ಫೋಟೋ ಟೇಕ್‌ಔಟ್‌ನಲ್ಲಿ ಚಿತ್ರ ಮತ್ತು ವಿಡಿಯೊ ಎಂದು ಎರಡಾಗಿ ಬರುವುದರಿಂದ ಲೆಕ್ಕ ಅಷ್ಟರಮಟ್ಟಿಗೆ ಏರುಪೇರಾಗುತ್ತದೆ. ಕುಗ್ಗಿಸಿದ ಪ್ರತಿ ಮತ್ತು ಮೂಲ ಎರಡೂ ಸೇರಿಕೊಂಡಿದ್ದರೆ ಹ್ಯಾಶ್‌ಗೆ ಅದು ಕಾಣದು. ಐಫೋನ್‌ನ ಫೋಟೋಸ್ ಆ್ಯಪ್‌ನಲ್ಲಿ ಐಒಎಸ್ 16ರಿಂದ ನಕಲುಗಳನ್ನು ಒಂದೆಡೆ ತೋರಿಸುವ ಪಟ್ಟಿಯಿದೆ, ಅಲ್ಲಿ ಅವನ್ನು ಒಂದಾಗಿಸಬಹುದು.

ಜಿಪ್‌ಗಳನ್ನು ಒಂದು ಹಾರ್ಡ್ ಡಿಸ್ಕ್‌ನಲ್ಲಿಟ್ಟು, ಹಳೆಯ ಖಾತೆಯನ್ನು ಕೆಲವು ತಿಂಗಳು ಹಾಗೇ ಬಿಡಿ. ಅಳಿಸುವ ದಿನ ಬಂದಾಗ ಮೊದಲು ಫೋನ್‌ನಲ್ಲಿ ಗೂಗಲ್ ಫೋಟೋಸ್‌ನ ಬ್ಯಾಕಪ್ ನಿಲ್ಲಿಸಿ, ಆ್ಯಪ್ ತೆಗೆದುಹಾಕಿ. ಬ್ಯಾಕಪ್ ಚಾಲೂ ಇರುವಾಗ ಗೂಗಲ್‌ನಲ್ಲಿ ಅಳಿಸಿದ್ದು ಫೋನ್‌ನಿಂದಲೂ ಹೋಗುತ್ತದೆ. ಫೋನ್ ಐಕ್ಲೌಡ್‌ಗೆ ಜೋಡಿಯಾಗಿದ್ದರೆ ಅಲ್ಲಿಂದಲೂ. ಬ್ಯಾಕಪ್ ಆದ ಚಿತ್ರಗಳು ಗೂಗಲ್‌ನ ಕಸದಬುಟ್ಟಿಯಲ್ಲಿ 60 ದಿನ ಇರುತ್ತವೆ.